ರಿಟರ್ನ್ ಪಾಲಿಸಿ: ಗಿರಾಕಿಯ ನಂಬಿಕೆಯೂ ಉಳಿಯಬೇಕು, ಲಾಭವೂ ಉಳಿಯಬೇಕು (ಪದೇ ಪದೇ ಕೇಳುವ ಪ್ರಶ್ನೆಗಳು)

ಆನ್‌ಲೈನ್‌ನಲ್ಲಿ ಸ್ವಂತವಾಗಿ ಬಟ್ಟೆ ಮಾರುವ ಚಿಕ್ಕ ಅಂಗಡಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಟ್ಟೆಯೇ ಯಾಕೆ ಅಂದರೆ, ರಿಟರ್ನ್‌ನ ತಲೆನೋವು ಅತಿ ಹೆಚ್ಚು ಇರುವ ವ್ಯಾಪಾರಗಳಲ್ಲಿ ಅದೂ ಒಂದು. ಸೈಜ್ ಆಗಲಿಲ್ಲ, ಬಣ್ಣ ಬೇರೆ ಥರ ಇದೆ, ಮನಸ್ಸು ಬದಲಾಯಿತು, ಎಲ್ಲವೂ ಅಲ್ಲಿದೆ. ನೀವು ಚಪ್ಪಲಿ, ಬ್ಯಾಗು ಮಾರುವವರಾದರೆ ಅಂಕಿಗಳನ್ನು ಬದಲಿಸಿಕೊಳ್ಳಿ, ಲೆಕ್ಕದ ದಾರಿ ಅದೇ.

ಒಂದು ರಿಟರ್ನ್ ಬಂದರೆ ನಿಜವಾಗಿ ಎಷ್ಟು ಹೋಗುತ್ತದೆ? ಮಾಲು ವಾಪಸ್ ಬಂತಲ್ಲ, ಹೋಗಿದ್ದು ಕೊರಿಯರ್ ದುಡ್ಡು ಮಾತ್ರ ತಾನೆ?

ಅಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಅದನ್ನೇ ಬಳಸೋಣ.

ಒಂದು ಅಂಗಿಯ ಮಾರಾಟ ಬೆಲೆ 1000 ಅಂತ ಇಟ್ಟುಕೊಳ್ಳಿ. ಯಾವ ದೇಶದ ದುಡ್ಡಾದರೂ ಸರಿ. ಅದು ನಿಮಗೆ ಬಿದ್ದ ಅಸಲು 500. ಕಳಿಸುವ ಕೊರಿಯರ್ 80, ಪ್ಯಾಕಿಂಗ್ 20, ಪೇಮೆಂಟ್ ಕಂಪನಿ ಹಿಡಿದುಕೊಳ್ಳುವುದು 20. ಆ ಗಿರಾಕಿಯನ್ನು ಅಂಗಡಿಗೆ ಕರೆತರಲು ಜಾಹೀರಾತಿಗೆ ಸರಾಸರಿ 130. ಗಿರಾಕಿ ಅಂಗಿ ಇಟ್ಟುಕೊಂಡರೆ ನಿಮ್ಮ ಕೈಯಲ್ಲಿ 250 ಉಳಿಯುತ್ತದೆ.

ಈಗ ಅದೇ ಅಂಗಿ ವಾಪಸ್ ಬಂತು, ಪೂರ್ತಿ 1000 ಹಿಂತಿರುಗಿಸಿದಿರಿ. ಕಳಿಸಿದ 80, ಪ್ಯಾಕಿಂಗಿನ 20, ಜಾಹೀರಾತಿನ 130 ಆಗಲೇ ಖರ್ಚಾಗಿದೆ. ಪೇಮೆಂಟ್ ಫೀ 20 ಅನ್ನು ಎಷ್ಟೋ ಕಂಪನಿಗಳು ರೀಫಂಡ್ ಮಾಡಿದರೂ ವಾಪಸ್ ಕೊಡುವುದಿಲ್ಲ, ನಿಮ್ಮ ಒಪ್ಪಂದ ನೋಡಿಕೊಳ್ಳಿ. ವಾಪಸ್ ತರಿಸುವ ಕೊರಿಯರ್ 90. ಯಾರೋ ಒಬ್ಬರು ಪಾರ್ಸಲ್ ಬಿಚ್ಚಿ, ಕಂಕುಳ ಹತ್ತಿರ ಬೆವರಿನ ಕಲೆ ಇದೆಯಾ ನೋಡಿ, ಇಸ್ತ್ರಿ ಹಾಕಿ, ಮತ್ತೆ ಮಡಚಿ ಕವರಿಗೆ ಹಾಕಬೇಕು. ಅದಕ್ಕೆ 40. ವಾಪಸ್ ಬಂದ ಐದರಲ್ಲಿ ಒಂದನ್ನು ಹೊಸದು ಅಂತ ಮಾರಲು ಆಗುವುದಿಲ್ಲ, ಅರ್ಧ ಬೆಲೆಗೆ ಹೋಗುತ್ತದೆ ಅಂದುಕೊಂಡರೆ, ಆ 500 ನಷ್ಟವನ್ನು ಐದಕ್ಕೂ ಹಂಚಿದಾಗ ಒಂದಕ್ಕೆ 100. ಎಲ್ಲ ಕೂಡಿದರೆ 480.

ಅಂದರೆ ಒಂದು ರಿಟರ್ನ್ ಸುಮಾರು ಎರಡು ಒಳ್ಳೆಯ ಮಾರಾಟದ ಲಾಭವನ್ನು ತಿಂದುಹಾಕುತ್ತದೆ. ಮುಂದೆ ಓದುವ ಮೊದಲು ನಿಮ್ಮ ಅಂಗಡಿಯ ಈ ಎರಡು ಅಂಕಿಗಳನ್ನು (ಇಲ್ಲಿ 250 ಮತ್ತು 480) ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವು ಗೊತ್ತಿಲ್ಲದೆ ಪಾಲಿಸಿ ಬರೆಯುವುದು ಸುಮ್ನೆ ಊಹೆ.

ಶೇಕಡಾ ಎಷ್ಟು ರಿಟರ್ನ್ ಬಂದರೆ ಹೆದರಬೇಕು?

ಬೇರೆಯವರಿಗೆ ಎಷ್ಟು ಬರುತ್ತದೆ ಅಂತ ಕೇಳುವುದಕ್ಕಿಂತ ನಿಮ್ಮ ಲಾಭ ಸೊನ್ನೆಯಾಗುವುದು ಎಲ್ಲಿ ಅಂತ ನೋಡಿ. ನಮ್ಮ ಉದಾಹರಣೆಯಲ್ಲಿ 100 ಆರ್ಡರಿಗೆ 20 ವಾಪಸ್ ಬಂದರೆ, 80 ಮಾರಾಟದಿಂದ 20,000 ಬರುತ್ತದೆ, 20 ರಿಟರ್ನ್‌ಗೆ 9,600 ಹೋಗುತ್ತದೆ, 10,400 ಉಳಿಯುತ್ತದೆ. 30 ವಾಪಸ್ ಬಂದರೆ ಉಳಿಯುವುದು ಬರೀ 3,100. 34 ದಾಟಿದರೆ ಏನೂ ಇಲ್ಲ. ಬಾಡಿಗೆ, ಸಂಬಳ ಕೊಡಬೇಕಾಗಿರುವುದು ಈ ಉಳಿದದ್ದರಲ್ಲೇ ಅನ್ನುವುದನ್ನೂ ಮರೆಯಬೇಡಿ.

ಸೂತ್ರ ಬೇಕು ಅನ್ನುವವರಿಗೆ: ಉಳಿಸಿಕೊಂಡ ಆರ್ಡರಿನ ಲಾಭವನ್ನು, ಆ ಲಾಭ ಮತ್ತು ರಿಟರ್ನ್ ನಷ್ಟ ಎರಡರ ಮೊತ್ತದಿಂದ ಭಾಗಿಸಿ.

```
250 / (250 + 480) = 0.34
```

ಇದನ್ನು ಇಡೀ ಅಂಗಡಿಗೆ ಒಂದೇ ಸಲ ಮಾಡಿದರೆ ಸಾಲದು, ಒಂದೊಂದು ಮಾಲಿಗೂ ಮಾಡಿ. ಅಂಗಡಿಯ ಸರಾಸರಿ 20 ಇದ್ದಾಗ ಒಂದು ಅಂಗಿ 8ರಲ್ಲೂ ಇನ್ನೊಂದು 45ರಲ್ಲೂ ಕೂತಿರಬಹುದು. ಚೆನ್ನಾಗಿ ಓಡುತ್ತಿದೆ ಅಂತ ನೀವು ಜಾಹೀರಾತು ಸುರಿಯುತ್ತಿರುವುದು ಆ 45ರ ಮಾಲಿಗೇ ಆಗಿದ್ದರೆ, ಮಾರಾಟ ಹೆಚ್ಚಿದಷ್ಟೂ ನಷ್ಟ ಜಾಸ್ತಿ.

ಹಾಗಿದ್ದರೆ ರಿಟರ್ನ್‌ಗೆ ಶುಲ್ಕ ಹಾಕಿಬಿಟ್ಟರೆ ಮುಗೀತಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಲೆಕ್ಕ ಹಾಕಿ ನೋಡೋಣ.

ನಮ್ಮ 20 ರಿಟರ್ನ್‌ಗಳ ಕಾರಣ ಹೀಗಿದೆ ಅಂದುಕೊಳ್ಳಿ: ಸೈಜ್ ಸರಿಹೋಗದ್ದು 9, ಮನಸ್ಸು ಬದಲಾದದ್ದು 4, ಫೋಟೋದಲ್ಲಿ ಕಂಡಂತೆ ಇಲ್ಲದ್ದು 3, ಹೊಲಿಗೆ ಬಿಟ್ಟದ್ದು ಅಥವಾ ಹರಿದದ್ದು 2, ತಪ್ಪು ಮಾಲು ಕಳಿಸಿದ್ದು 2. ಸೈಜ್ ಮತ್ತು ಮನಸ್ಸು ಬದಲಾದ ಆ 13ಕ್ಕೆ ತಲಾ 90 ಹಿಡಿದುಕೊಂಡರೆ 1,170 ಬರುತ್ತದೆ. ಲಾಭ 10,400ರಿಂದ 11,570ಕ್ಕೆ ಏರಿತು. ಖುಷಿಯೇ.

ಆದರೆ ಶುಲ್ಕ ನೋಡಿ ಕೊಳ್ಳದೆ ಹೋದವರು ಎಷ್ಟು? ಜಾಹೀರಾತಿನ 13,000 ನೀವು ಕೊಟ್ಟಾಗಿದೆ, ಗಿರಾಕಿ ಕೊಳ್ಳದಿದ್ದರೆ ಅದು ವಾಪಸ್ ಬರುವುದಿಲ್ಲ. ಜಾಹೀರಾತು ಬದಿಗಿಟ್ಟರೆ ಒಂದೊಂದು ಆರ್ಡರಿನಿಂದ, ಈ ಶುಲ್ಕವೂ ಸೇರಿ, ಸರಾಸರಿ 246 ಬರುತ್ತಿದೆ. ಹಾಗಾಗಿ ಮೊದಲು ಕೊಳ್ಳುತ್ತಿದ್ದ 100 ಜನರಲ್ಲಿ ಬರೀ 5 ಜನ ಹಿಂದೆ ಸರಿದರೂ ನೀವು ಗಳಿಸಿದ ಆ 1,170 ಪೂರ್ತಿ ಹೋಯಿತು. ಆ ಐವರು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣಿಸುವುದಿಲ್ಲ. ವಸೂಲಾದ ಶುಲ್ಕ ಮಾತ್ರ ಕಾಣಿಸುತ್ತದೆ. ಶುಲ್ಕ ಹಾಕಿದವರಿಗೆಲ್ಲ ಅದು ಕೆಲಸ ಮಾಡುತ್ತಿದೆ ಅಂತ ಅನ್ನಿಸುವುದು ಇದಕ್ಕೇ.

ಶುಲ್ಕ ಹಾಕಲೇಬಾರದು ಅಂತ ನಾನು ಹೇಳುತ್ತಿಲ್ಲ. ಶುಲ್ಕದ ಭಯಕ್ಕೆ ಕೆಲವರು ಯೋಚಿಸಿ ಕೊಳ್ಳುತ್ತಾರೆ, ರಿಟರ್ನ್ ಕಡಿಮೆಯಾಗುತ್ತದೆ, ಅದೂ ಲಾಭವೇ. ಆದರೆ ಅದು ಮೊದಲ ಹೆಜ್ಜೆ ಆಗಬಾರದು.

ಮತ್ತೆ ಮೊದಲ ಹೆಜ್ಜೆ ಯಾವುದು?

ಇದೇ ಉದಾಹರಣೆಯಲ್ಲಿ ಮೂರು ದಾರಿಗಳನ್ನು ಪಕ್ಕಪಕ್ಕ ಇಡಿ. ಒಂದು ರಿಟರ್ನ್‌ಗೆ ಶುಲ್ಕ ಹಾಕಿದರೆ ನಿಮಗೆ ಸಿಗುವುದು 90. ಅದೇ ರೀಫಂಡನ್ನು ಎಕ್ಸ್‌ಚೇಂಜ್ ಆಗಿ ತಿರುಗಿಸಿದರೆ ಉಳಿಯುವುದು 400 (ಲೆಕ್ಕ ಮುಂದಿನ ಪ್ರಶ್ನೆಯಲ್ಲಿದೆ). ಆ ರಿಟರ್ನ್ ಬರದೇ ಇರುವಂತೆ, ಗಿರಾಕಿ ಅಂಗಿ ಇಟ್ಟುಕೊಳ್ಳುವಂತೆ ಮಾಡಿದರೆ 480ರ ನಷ್ಟ ತಪ್ಪಿ 250ರ ಲಾಭ ಸೇರಿ 730. ಜನ ಮಾತ್ರ 90ರಿಂದ ಶುರು ಮಾಡುತ್ತಾರೆ. ಗಿರಾಕಿಯ ಕಣ್ಣಿಗೆ ಚುಚ್ಚುವುದೂ ಆ 90 ಒಂದೇ.

ಹಾಗಾಗಿ ಮೊದಲು ಮಾಡಬೇಕಾದದ್ದು ಕಾರಣ ಕೇಳುವುದು. ರಿಟರ್ನ್ ಫಾರಂನಲ್ಲಿ 'ಇಷ್ಟ ಆಗಲಿಲ್ಲ' ಅನ್ನುವ ಒಂದೇ ಆಯ್ಕೆ ಇಟ್ಟರೆ ಏನೂ ಗೊತ್ತಾಗುವುದಿಲ್ಲ. 'ಸೈಜ್ ಸರಿಯಿಲ್ಲ' ಅನ್ನುವುದೂ ಸಾಲದು. 'ಎದೆ ಬಿಗಿ', 'ಉದ್ದ ಕಡಿಮೆ', 'ಭುಜ ಸಡಿಲ' ಅಂತ ಕೇಳಿ. ಆರೇಳು ಆಯ್ಕೆ ಸಾಕು, ಅದಕ್ಕಿಂತ ಜಾಸ್ತಿ ಇಟ್ಟರೆ ಮೇಲಿನದನ್ನೇ ಒತ್ತಿ ಮುಂದೆ ಹೋಗುತ್ತಾರೆ. ಆಯ್ಕೆಗಳ ಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸಲು ಆದರೆ ಇನ್ನೂ ಒಳ್ಳೆಯದು.

ನಂತರ ಮಾಲಿನ ಪ್ರಕಾರ ವಿಂಗಡಿಸಿ. ಒಂದು ಅಂಗಿಯ L ಸೈಜಿನಲ್ಲಿ ಮಾತ್ರ 'ಎದೆ ಬಿಗಿ' ಸಾಲಾಗಿ ಬಂದಿದ್ದರೆ, ಟೇಪ್ ಹಿಡಿದು ಗೋಡೌನಿನಲ್ಲಿರುವ ನಾಲ್ಕೈದು L ಅಂಗಿ ಅಳೆಯಿರಿ. ಪುಟದಲ್ಲಿ ಎದೆ ಸುತ್ತಳತೆ 108 ಸೆಂ.ಮೀ. ಅಂತ ಇದ್ದು ಕೈಯಲ್ಲಿರುವುದು 103 ಬಂದರೆ ಉತ್ತರ ಸಿಕ್ಕಿತು. ತಯಾರಕರು ಹೊಸ ಲಾಟ್‌ನಲ್ಲಿ ಅಳತೆ ಬದಲಿಸಿದ್ದಾರೆ, ನಿಮ್ಮ ಪುಟ ಹಳೆಯದನ್ನೇ ಹೇಳುತ್ತಿದೆ. ಇದು ಆಗುತ್ತಲೇ ಇರುತ್ತದೆ, ಹೊಸ ಲಾಟ್ ಬಂದಾಗಲೆಲ್ಲ ಪ್ರತಿ ಸೈಜಿನದ್ದು ಒಂದೆರಡು ಅಳೆಯುವ ಅಭ್ಯಾಸ ಇಟ್ಟುಕೊಳ್ಳಿ.

ಸೈಜ್ ಚಾರ್ಟ್ ಬಗ್ಗೆ ಒಂದು ಮಾತು. ಮೈ ಅಳತೆಯ ಚಾರ್ಟ್ ಜೊತೆಗೆ ಬಟ್ಟೆಯ ಅಳತೆಯನ್ನೂ ಕೊಡಿ, ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿ ಅಳೆದದ್ದು. ಮನೆಯಲ್ಲಿ ಟೇಪ್ ಹಿಡಿದು ಮೈ ಅಳೆದುಕೊಳ್ಳುವವರು ಕಡಿಮೆ. ತಮಗೆ ಸರಿಯಾಗುವ ಒಂದು ಅಂಗಿಯನ್ನು ಮಂಚದ ಮೇಲೆ ಹಾಸಿ ಅಳೆದು ಹೋಲಿಸುವುದು ಎಲ್ಲರಿಗೂ ಸುಲಭ. ಈ ಒಂದು ಕೆಲಸದಿಂದ ಸೈಜ್ ರಿಟರ್ನ್ 9ರಿಂದ 5ಕ್ಕೆ ಇಳಿದರೂ 4 × 730 = 2,920. ಶುಲ್ಕದಿಂದ ಬರುತ್ತಿದ್ದುದರ ಎರಡೂವರೆ ಪಟ್ಟು, ಅದೂ ಯಾರ ಮನಸ್ಸನ್ನೂ ನೋಯಿಸದೆ.

ಎಕ್ಸ್‌ಚೇಂಜ್ ಉಚಿತ ಕೊಟ್ಟರೆ ಎರಡು ಸಲ ಕೊರಿಯರ್ ಖರ್ಚು. ಅದು ನಷ್ಟ ಅಲ್ವಾ?

ನಷ್ಟವೇ. ಆದರೆ ಚಿಕ್ಕ ನಷ್ಟ. ಮೊದಲ ಮಾರಾಟದ 250 ನಿಮ್ಮ ಹತ್ತಿರ ಉಳಿಯಿತು. ಅದರಿಂದ ವಾಪಸ್ ಕೊರಿಯರ್ 90, ಪರೀಕ್ಷೆ 40, ಮಾಲಿನ ಬೆಲೆ ಇಳಿದದ್ದು 100, ಎರಡನೇ ಸಲ ಕಳಿಸಲು 80 ಮತ್ತು ಪ್ಯಾಕಿಂಗ್ 20 ಕಳೆಯಿರಿ. ಮೈನಸ್ 80. ರೀಫಂಡ್ ಮಾಡಿದ್ದರೆ ಮೈನಸ್ 480. ಜೊತೆಗೆ ಸರಿಯಾದ ಅಂಗಿ ಹಾಕಿಕೊಂಡ ಗಿರಾಕಿ ಇದ್ದಾರೆ, ಮುಂದಿನ ಸಲ ಅವರಿಗೆ ನಿಮ್ಮಲ್ಲಿ ಯಾವ ಸೈಜ್ ಅಂತ ಗೊತ್ತಿದೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಎಕ್ಸ್‌ಚೇಂಜ್ ಉಚಿತ ಇರಲಿ, ಶುಲ್ಕ ಹಾಕಲೇಬೇಕಿದ್ದರೆ ರೀಫಂಡಿಗೆ ಹಾಕಿ. ರಿಟರ್ನ್ ಪುಟ ತೆರೆದ ತಕ್ಷಣ 'ಬೇರೆ ಸೈಜ್ ಕಳಿಸಲಾ?' ಅನ್ನುವುದು ಮೊದಲು ಕಾಣಲಿ, ರೀಫಂಡ್ ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ. ರೀಫಂಡ್ ಬಟನ್ ಬಚ್ಚಿಡುವ ಆಟ ಆಡಬೇಡಿ, ಬಚ್ಚಿಟ್ಟರೆ ಗಿರಾಕಿ ನೇರ ಬ್ಯಾಂಕಿಗೆ ಫೋನ್ ಮಾಡಿ ಚಾರ್ಜ್‌ಬ್ಯಾಕ್ ಹಾಕುತ್ತಾರೆ, ಅಂದರೆ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ಎಳೆದುಕೊಳ್ಳುತ್ತಾರೆ. ಆಗ ದುಡ್ಡಿನ ಜೊತೆ ದಂಡವೂ ಹೋಗುತ್ತದೆ.

ಎಕ್ಸ್‌ಚೇಂಜ್ ಕೆಡುವುದು ಒಂದೇ ಕಡೆ: ಬೇಕಾದ ಸೈಜ್ ಖಾಲಿಯಾಗಿರುತ್ತದೆ. ಗಿರಾಕಿ ಕೇಳಿದ ಕ್ಷಣದಲ್ಲೇ ಆ ಸೈಜನ್ನು ಅವರ ಹೆಸರಿಗೆ ತೆಗೆದಿಡಿ. ಹಳೆಯದು ನಿಮ್ಮ ಗೋಡೌನ್ ತಲುಪುವವರೆಗೆ ಕಾಯಬೇಡಿ, ಕೊರಿಯರ್ ಹುಡುಗ ಅದನ್ನು ಎತ್ತಿಕೊಂಡು ಸ್ಕ್ಯಾನ್ ಮಾಡಿದ ಕೂಡಲೇ ಹೊಸದನ್ನು ಕಳಿಸಿ.

ವಾಪಸ್ ಕಳಿಸುವ ಖರ್ಚು ಯಾರದ್ದು?

ತಪ್ಪು ಯಾರದ್ದೋ ಖರ್ಚೂ ಅವರದ್ದು. ಹರಿದದ್ದು, ತಪ್ಪು ಮಾಲು, ಫೋಟೋದಂತೆ ಇಲ್ಲದ್ದು: ಪೂರ್ತಿ ನಿಮ್ಮ ಖರ್ಚು, ಪೂರ್ತಿ ದುಡ್ಡು, ಕಳಿಸುವಾಗ ಹಿಡಿದ ಕೊರಿಯರ್ ಚಾರ್ಜ್ ಸಮೇತ, ಬೇಗ. ಇಲ್ಲಿ ಚೌಕಾಸಿ ಮಾಡಿದರೆ ಉಳಿಯುವುದು ಪುಡಿಗಾಸು. ಮನಸ್ಸು ಬದಲಾದದ್ದು ಗಿರಾಕಿಯ ನಿರ್ಧಾರ, ಅದಕ್ಕೆ ಒಂದು ಪಾಲು ಅವರು ಕೊಡುವುದು ನ್ಯಾಯವೇ. ಮೊದಲೇ ಹೇಳಿದ್ದರೆ ಜನ ಒಪ್ಪುತ್ತಾರೆ.

ಸೈಜ್ ಮಾತ್ರ ನಡುವೆ ಸಿಕ್ಕಿಕೊಳ್ಳುತ್ತದೆ. ನೀವು ಅಳತೆ ಸರಿಯಾಗಿ ಕೊಟ್ಟಿದ್ದೀರಾ ಅನ್ನುವುದರ ಮೇಲೆ ಅದು ನಿಂತಿದೆ. ನನ್ನನ್ನು ಕೇಳಿದರೆ ಸೈಜಿಗೆ ಎಕ್ಸ್‌ಚೇಂಜ್ ಉಚಿತ, ರೀಫಂಡ್ ಬೇಕಿದ್ದರೆ ವಾಪಸ್ ಕೊರಿಯರಿನಷ್ಟು ಮಾತ್ರ ಹಿಡಿಯುವುದು. ಅದಕ್ಕಿಂತ ಒಂದು ಕಾಸೂ ಹೆಚ್ಚು ಬೇಡ. ಶುಲ್ಕ ನಿಜವಾದ ಖರ್ಚಿಗಿಂತ ಜಾಸ್ತಿ ಆದ ದಿನ ಗಿರಾಕಿ ಅದನ್ನು ದಂಡ ಅಂತಲೇ ಓದುತ್ತಾರೆ.

ಶುಲ್ಕ ತಪ್ಪಿಸಿಕೊಳ್ಳಲು ಎಲ್ಲರೂ 'ಹರಿದಿದೆ' ಅಂತ ಒತ್ತಿದರೆ?

ಒತ್ತುತ್ತಾರೆ, ಎಲ್ಲರೂ ಅಲ್ಲ. ಶುಲ್ಕ ಹಾಕುವ ಮೊದಲು 100 ಆರ್ಡರಿಗೆ 2 'ಹರಿದಿದೆ' ಬರುತ್ತಿತ್ತು, ಹಾಕಿದ ಮೇಲೆ 6 ಆಯಿತು ಅಂದರೆ ಬಟ್ಟೆ ಏಕಾಏಕಿ ಕೆಟ್ಟಿಲ್ಲ. ನಿಜವೋ ಸುಳ್ಳೋ ಗೊತ್ತಾಗುವುದು ಹೇಗೆ ಅಂದರೆ, ದೂರುಗಳು ಎಲ್ಲಿ ಗುಂಪಾಗಿವೆ ನೋಡಿ. ನಿಜವಾದ ದೋಷ ಒಂದೋ ಎರಡೋ ಮಾಲಿನ ಮೇಲೆ, ಒಂದು ಲಾಟ್‌ನ ಮೇಲೆ ಬಂದು ಕೂರುತ್ತದೆ. ಶುಲ್ಕ ತಪ್ಪಿಸಲು ಹೇಳಿದ್ದು ಎಲ್ಲ ಮಾಲಿನ ಮೇಲೂ ಚದುರಿರುತ್ತದೆ.

ಮದ್ದು ಸರಳ. 'ಹರಿದಿದೆ' ಅಂತ ಆರಿಸಿದವರಿಂದ ಒಂದು ಫೋಟೋ ಕೇಳಿ. ಬೈದು ಕೇಳಬೇಡಿ, 'ತಯಾರಕರಿಗೆ ತೋರಿಸಲು ಬೇಕು' ಅಂತ ಕೇಳಿ, ಅದು ನಿಜವೂ ಹೌದು. ಫೋಟೋ ಅನುಮಾನವಾಗಿದ್ದರೆ ಮೊದಲ ಸಲ ಗಿರಾಕಿಯ ಮಾತನ್ನೇ ನಂಬಿ. 90ಕ್ಕೆ ಜಗಳ ಮಾಡಿ, ಅವರು ಕೆಟ್ಟ ರಿವ್ಯೂ ಬರೆದು, ಅದನ್ನು ಓದಿ ಇಬ್ಬರು ಕೊಳ್ಳದೆ ಹೋದರೆ ಗೆದ್ದದ್ದು ಏನು?

ಎಷ್ಟು ದಿನದ ಅವಧಿ ಕೊಡಬೇಕು? 7 ದಿನ ಇಟ್ಟರೆ ರಿಟರ್ನ್ ಕಡಿಮೆ ಆಗುತ್ತದೆ ಅಲ್ವಾ?

ಹಾಗೇ ಅನ್ನಿಸುತ್ತದೆ, ಆದರೆ ಆಗುವುದು ಉಲ್ಟಾ ಇರಬಹುದು. ಈ ವಿಷಯದ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡದ್ದು: ಉದಾರ ಪಾಲಿಸಿ ಒಟ್ಟಾರೆ ರಿಟರ್ನ್‌ಗಿಂತ ಮಾರಾಟವನ್ನೇ ಹೆಚ್ಚು ಬೆಳೆಸುತ್ತದೆ, ಮತ್ತು ಅವಧಿ ಉದ್ದವಾದಾಗ ರಿಟರ್ನ್ ಕಡಿಮೆಯಾಗುವ ಕಡೆಗೇ ವಾಲುತ್ತದೆ. ದುಡ್ಡು ಪೂರ್ತಿ ವಾಪಸ್ ಕೊಡುವುದು, ಗಿರಾಕಿಗೆ ಓಡಾಟ ಕಡಿಮೆ ಮಾಡುವುದು, ಇವು ಮಾರಾಟ ಹೆಚ್ಚಿಸಿದವು. ರಿಟರ್ನ್ ಹೆಚ್ಚಿಸಿದ್ದು ಬೇರೆ: ಯಾವ ಮಾಲನ್ನಾದರೂ ವಾಪಸ್ ತಗೊಳ್ಳುತ್ತೇವೆ, ರಿಯಾಯಿತಿಯಲ್ಲಿ ಕೊಂಡದ್ದನ್ನೂ, ಅನ್ನುವಂಥ ಸಡಿಲಿಕೆ.

ಕಾರಣ ಊಹಿಸುವುದು ಕಷ್ಟವಲ್ಲ. 7 ದಿನ ಅಂದಾಗ ಗಿರಾಕಿ ಎಣಿಸುತ್ತಾ ಕೂರುತ್ತಾರೆ, ಅನುಮಾನ ಇದ್ದರೆ ಸುರಕ್ಷಿತ ಅಂತ ವಾಪಸ್ ಕಳಿಸಿಬಿಡುತ್ತಾರೆ. 30 ದಿನ ಅಂದರೆ ಅಂಗಿ ಬೀರುವಿಗೆ ಸೇರುತ್ತದೆ, ಒಂದೆರಡು ಸಲ ಹಾಕಿಯೂ ಆಗುತ್ತದೆ, ತಮ್ಮದೇ ಅನ್ನಿಸಿಬಿಡುತ್ತದೆ.

ನಿಮ್ಮ ಅಂಗಡಿಗೆ ಎಷ್ಟು ಸರಿ ಅಂತ ತಿಳಿಯಲು ಹಳೆಯ ರಿಟರ್ನ್‌ಗಳನ್ನು ತೆಗೆದು, ಪಾರ್ಸಲ್ ತಲುಪಿದ ದಿನದಿಂದ ರಿಟರ್ನ್ ಕೇಳಿದ ದಿನಕ್ಕೆ ಎಷ್ಟು ದಿನ ಅಂತ ಸಾಲಾಗಿ ಬರೆಯಿರಿ. ಹೆಚ್ಚಿನವು ಮೊದಲ ವಾರ, ಹತ್ತು ದಿನದಲ್ಲೇ ಇದ್ದರೆ ಅವಧಿಯನ್ನು 14ರಿಂದ 30ಕ್ಕೆ ಏರಿಸಿದರೂ ನಿಮಗೆ ಬೀಳುವ ಹೊರೆ ತಡವಾಗಿ ಬರುವ ಕೆಲವು ರಿಟರ್ನ್‌ಗಳಷ್ಟೇ. ಅವಧಿ ಮುಗಿಯುವ ಕೊನೆಯ ಎರಡು ದಿನದಲ್ಲಿ ಗುಡ್ಡೆ ಬಿದ್ದಿದ್ದರೆ ಜನ ಗಡುವಿಗೆ ಹೆದರಿ ಕಳಿಸುತ್ತಿದ್ದಾರೆ ಅಥವಾ ಹಾಕಿಕೊಂಡು ಕಳಿಸುತ್ತಿದ್ದಾರೆ ಅಂತ ಅರ್ಥ, ಬಂದ ಬಟ್ಟೆಯನ್ನು ಮೂಸಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಒಂದು ಮಿತಿ ಇದೆ. ಋತು ಮುಗಿದರೆ ಬೆಲೆ ಬೀಳುವ ಮಾಲಿಗೆ, ಉದಾಹರಣೆಗೆ ಚಳಿಗಾಲದ ಕೋಟಿಗೆ, ಉದ್ದ ಅವಧಿ ದುಬಾರಿ. ತಡವಾಗಿ ಬಂದದ್ದನ್ನು ಪೂರ್ತಿ ಬೆಲೆಗೆ ಮಾರಲು ಆಗುವುದಿಲ್ಲ. ಅಂಥ ಮಾಲಿಗೆ ಬೇರೆ ಅವಧಿ ಇಡಿ, ಆ ಮಾಲಿನ ಪುಟದಲ್ಲೇ ಬರೆಯಿರಿ. ಮತ್ತೆ, ದಿನ ಎಣಿಸುವುದು ಪಾರ್ಸಲ್ ತಲುಪಿದ ದಿನದಿಂದ. ಆರ್ಡರ್ ಮಾಡಿದ ದಿನದಿಂದ ಎಣಿಸಿದರೆ ಕೊರಿಯರ್ ತಡ ಮಾಡಿದ್ದಕ್ಕೆ ಗಿರಾಕಿಗೆ ಶಿಕ್ಷೆ ಕೊಟ್ಟಂತೆ.

ಮಿತಿಯೇ ಇಲ್ಲದೆ ಯಾವಾಗ ಬೇಕಾದರೂ ತನ್ನಿ ಅಂದರೆ?

ಅಮೆರಿಕದ ಎಲ್.ಎಲ್. ಬೀನ್ ಕಂಪನಿ ಬಹಳ ವರ್ಷ ಹಾಗೇ ನಡೆಸಿತು, ಹೆಸರನ್ನೂ ಗಳಿಸಿತು. 2018ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿ ಒಂದು ವರ್ಷದ ಮಿತಿ, ಜೊತೆಗೆ ಕೊಂಡದ್ದಕ್ಕೆ ಪುರಾವೆ ಬೇಕು ಅಂದಿತು. ಬೇರೆಯವರ ಹಳೇ ಸಾಮಾನಿನ ಮಾರಾಟದಲ್ಲಿ ಸಿಕ್ಕ ಬಟ್ಟೆಯನ್ನೂ ಜನ ತಂದು ದುಡ್ಡು ಕೇಳುತ್ತಿದ್ದರಂತೆ. ಮಿತಿಯಷ್ಟೇ ಮುಖ್ಯವಾದದ್ದು ಆ ಪುರಾವೆ. ಬಿಲ್ ಕಳೆದುಹೋದರೆ ಫೋನ್ ನಂಬರಿನಿಂದಲೋ ಇಮೇಲಿನಿಂದಲೋ ನೀವೇ ಹುಡುಕಿಕೊಡಿ, ಆದರೆ ನಿಮ್ಮಲ್ಲಿ ಕೊಂಡ ದಾಖಲೆ ಇಲ್ಲದೆ ದುಡ್ಡು ಕೊಡಬೇಡಿ.

ರೀಫಂಡ್ ಬದಲು ಸ್ಟೋರ್ ಕ್ರೆಡಿಟ್ ಕೊಟ್ಟರೆ?

ಆಯ್ಕೆಯಾಗಿ ಕೊಡಿ, ಬಲವಂತವಾಗಿ ಬೇಡ. 'ದುಡ್ಡು ಬೇಕಿದ್ದರೆ 910, ಕ್ರೆಡಿಟ್ ಆದರೆ ಪೂರ್ತಿ 1000' ಅಂದರೆ ಕೆಲವರು ಖುಷಿಯಿಂದಲೇ ಕ್ರೆಡಿಟ್ ತಗೊಳ್ಳುತ್ತಾರೆ. ಅವರು ಮತ್ತೆ ಬಂದಾಗ ಜಾಹೀರಾತಿನ 130 ಇಲ್ಲ, ಆದ್ದರಿಂದ 90 ಬಿಟ್ಟುಕೊಟ್ಟರೂ ನಿಮಗೆ ಲಾಭವೇ. ನಿಮ್ಮ ತಪ್ಪಿನ ರಿಟರ್ನ್‌ಗೆ ಮಾತ್ರ ಕ್ರೆಡಿಟ್ ತೋರಿಸಿ ಸಮಾಧಾನ ಮಾಡಲು ಹೋಗಬೇಡಿ, ಕೊಟ್ಟ ದುಡ್ಡು ಕೊಟ್ಟ ದಾರಿಯಲ್ಲೇ ವಾಪಸ್ ಹೋಗಲಿ. ಇನ್ನೊಂದು, ಕೊಟ್ಟ ಕ್ರೆಡಿಟ್ ನಿಮ್ಮ ಸಾಲ. ಅದನ್ನು ಲೆಕ್ಕದಲ್ಲಿ ಬಾಕಿ ಅಂತಲೇ ಬರೆದುಕೊಳ್ಳಿ, ಆದಾಯ ಅಂತ ಅಲ್ಲ.

ರೀಫಂಡ್ ಯಾವಾಗ ಮಾಡಬೇಕು? ಮಾಲು ಪರೀಕ್ಷೆ ಮಾಡಿದ ಮೇಲೆ ತಾನೆ?

ಹೊಸ ಗಿರಾಕಿಗೆ ಹೌದು. ಹಲವು ಸಲ ಕೊಂಡು ಇಟ್ಟುಕೊಂಡವರಿಗೆ ಕೊರಿಯರ್ ಮೊದಲ ಸ್ಕ್ಯಾನ್ ಆದ ಕೂಡಲೇ ಮಾಡಿಬಿಡಿ. ಹೇಗೂ ಕೊಡಬೇಕಾದ ದುಡ್ಡು, ನಾಲ್ಕು ದಿನ ಹಿಡಿದಿಟ್ಟು ಗಳಿಸುವುದು ಏನೂ ಇಲ್ಲ.

ನಿಜವಾಗಿ ಸಿಟ್ಟು ಬರಿಸುವುದು ತಡಕ್ಕಿಂತ ಮೌನ. ಪಾರ್ಸಲ್ ಎತ್ತಿಕೊಂಡಾಗ ಒಂದು ಮೆಸೇಜ್, ನಮಗೆ ತಲುಪಿದಾಗ ಒಂದು, ದುಡ್ಡು ಕಳಿಸಿದಾಗ ಒಂದು. ಕೊನೆಯ ಮೆಸೇಜಿನಲ್ಲಿ ಬ್ಯಾಂಕಿಗೆ ಇನ್ನೂ ಕೆಲವು ದಿನ ಬೇಕಾಗಬಹುದು ಅಂತಲೂ ವ್ಯವಹಾರದ ನಂಬರನ್ನೂ ಹಾಕಿ. 'ನನ್ನ ದುಡ್ಡು ಎಲ್ಲಿ' ಅನ್ನುವ ಫೋನ್‌ಗಳು ಅಲ್ಲಿಗೇ ತುಂಬಾ ಕಡಿಮೆಯಾಗುತ್ತವೆ.

ಪದೇ ಪದೇ ವಾಪಸ್ ಕಳಿಸುವ ಗಿರಾಕಿಯನ್ನು ಬ್ಲಾಕ್ ಮಾಡಬಹುದಾ?

ಮೊದಲು ಅವರ ಲೆಕ್ಕ ತೆಗೆಯಿರಿ. ಒಬ್ಬರು 10 ಆರ್ಡರ್ ಮಾಡಿ 5 ವಾಪಸ್ ಕಳಿಸಿದ್ದಾರೆ ಅಂದುಕೊಳ್ಳಿ. ಅರ್ಧಕ್ಕರ್ಧ, ನೋಡಿದ ತಕ್ಷಣ ಕೋಪ ಬರುತ್ತದೆ. ಆದರೆ ಅವರು ತಾವಾಗಿ ಬರುವವರು, ಜಾಹೀರಾತಿನ ಖರ್ಚಿಲ್ಲ. ಹಾಗಾಗಿ ಇಟ್ಟುಕೊಂಡ ಒಂದೊಂದಕ್ಕೆ ಲಾಭ 380, ವಾಪಸ್ ಬಂದ ಒಂದೊಂದಕ್ಕೆ ನಷ್ಟ 350. ಐದೈದಕ್ಕೆ ಕೂಡಿ ಕಳೆದರೆ 150 ಲಾಭದಲ್ಲೇ ಇದ್ದೀರಿ. ಎರಡು ಸೈಜನ್ನು ಒಂದೇ ಪಾರ್ಸಲಿನಲ್ಲಿ ತರಿಸಿ ಒಂದನ್ನು ಕಳಿಸುವವರಾದರೆ ಕೊರಿಯರ್ ಖರ್ಚು ಇನ್ನೂ ಕಡಿಮೆ. ಆದ್ದರಿಂದ ರಿಟರ್ನ್ ಶೇಕಡಾವಾರು ನೋಡಿ ಬ್ಲಾಕ್ ಮಾಡಿದರೆ ಒಳ್ಳೆಯ ಗಿರಾಕಿಗಳೇ ಹೋಗುತ್ತಾರೆ. ಒಬ್ಬ ಗಿರಾಕಿಯಿಂದ ಒಟ್ಟು ಉಳಿದದ್ದು ಎಷ್ಟು ಅನ್ನುವುದೇ ಅಳತೆ.

ನಿಜವಾಗಿ ನಷ್ಟ ತರುವವರು ಇರುತ್ತಾರೆ, ಬೆರಳೆಣಿಕೆಯಷ್ಟು. ಅವರಿಗೆ ಮೊದಲು ಉಚಿತ ರಿಟರ್ನ್ ಸೌಲಭ್ಯ ನಿಲ್ಲಿಸಿ, ಯಾಕೆ ಅಂತ ಬರೆದು ತಿಳಿಸಿ. ಖಾಲಿ ಡಬ್ಬಿ, ಬೇರೆ ಅಂಗಡಿಯ ಹಳೇ ಬಟ್ಟೆ ತುಂಬಿ ಕಳಿಸಿದವರ ವಿಷಯ ಬೇರೆ, ಅದು ಮೋಸ. ವಾಪಸ್ ಬಂದ ಪಾರ್ಸಲನ್ನು ತೂಕ ಮಾಡಿ, ಕ್ಯಾಮೆರಾ ಮುಂದೆ ಬಿಚ್ಚಿ. ಕಳಿಸಿದಾಗಿನ ತೂಕ ನಿಮ್ಮಲ್ಲಿ ಇದ್ದೇ ಇರುತ್ತದೆ.

ಸಮಾರಂಭಕ್ಕೆ ಹಾಕಿಕೊಂಡು ಮಾರನೇ ದಿನ ವಾಪಸ್ ಕಳಿಸುತ್ತಾರಲ್ಲ?

ಟ್ಯಾಗನ್ನು ಒಳಗೆ ಕತ್ತಿನ ಹತ್ತಿರ ನೇತುಹಾಕಬೇಡಿ, ಎದುರಿಗೆ ಕಾಣುವ ಜಾಗದಲ್ಲಿ ಹಾಕಿ. ಮನೆಯಲ್ಲಿ ಹಾಕಿ ನೋಡಲು ಅಡ್ಡಿ ಇಲ್ಲ, ಹಾಕಿಕೊಂಡು ಹೊರಗೆ ಹೋಗಲು ಆಗಬಾರದು. ತೆಗೆದರೆ ಮತ್ತೆ ಸಿಕ್ಕಿಸಲು ಬಾರದಂಥ ಟ್ಯಾಗ್ ಇರಲಿ. ದುಬಾರಿ ಉಡುಪಿಗೆ ಮಾತ್ರ ಸಾಕು, ದಿನಬಳಕೆಯ ಅಂಗಿಗೆ ಇದೆಲ್ಲ ಅತಿಯಾಯಿತು.

'ವಾಪಸ್ ಬೇಡ, ನೀವೇ ಇಟ್ಟುಕೊಳ್ಳಿ' ಅಂತ ದುಡ್ಡು ಕೊಡುವುದು ಯಾವಾಗ ಲಾಭ?

ತರಿಸಿ ಪರೀಕ್ಷೆ ಮಾಡುವ ಖರ್ಚು, ಮಾಲು ಬಂದ ಮೇಲೆ ಅದರಿಂದ ಸಿಗುವುದಕ್ಕಿಂತ ಜಾಸ್ತಿ ಇದ್ದಾಗ. ತರಿಸಲು ಮತ್ತು ನೋಡಲು ನಮಗೆ 130 ಬೀಳುತ್ತದೆ. 150ಕ್ಕೆ ಮಾರುವ ಕಾಲುಚೀಲದ ಜೋಡಿ, ಅದನ್ನು ಮತ್ತೆ ಕಳಿಸುವ ಖರ್ಚು ಕಳೆದರೆ, ಅದಕ್ಕೆ ಯೋಗ್ಯವಲ್ಲ. ಹರಿದ ಅಂಗಿಯೂ ಅಷ್ಟೇ, ತಯಾರಕರು ಅದನ್ನು ನೋಡಲೇಬೇಕು ಅಂದರೆ ಮಾತ್ರ ತರಿಸಿ. ಆದರೆ ಇದನ್ನು ಪಾಲಿಸಿಯಲ್ಲಿ ಬರೆಯಬೇಡಿ. ಬರೆದರೆ ಆ ಬೆಲೆಯ ಕೆಳಗಿನ ಪ್ರತಿ ಮಾಲಿಗೂ ದೂರು ಶುರುವಾಗುತ್ತದೆ. ನಿಮ್ಮ ಕಡೆಯವರು ನೋಡಿ ನಿರ್ಧರಿಸುವ ವಿಷಯವಾಗಿಯೇ ಇರಲಿ, ಒಬ್ಬರಿಗೆ ಎಷ್ಟು ಸಲ ಅಂತ ಗುರುತು ಇಟ್ಟುಕೊಳ್ಳಿ.

ಕಾನೂನು ಏನು ಹೇಳುತ್ತದೆ?

ನೀವು ಮಾರುವ ಜಾಗದ್ದನ್ನು ಓದಲೇಬೇಕು, ನಿಮ್ಮ ಪಾಲಿಸಿ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಉದಾಹರಣೆಗೆ ಯೂರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡವರು 14 ದಿನದೊಳಗೆ ಕಾರಣ ಹೇಳದೆಯೂ ಹಿಂದೆ ಸರಿಯಬಹುದು. ಆಗ ಮೊದಲು ಹಿಡಿದ ಸಾಮಾನ್ಯ ಡೆಲಿವರಿ ಖರ್ಚನ್ನೂ ಕೊಡಬೇಕು. ವಾಪಸ್ ಕಳಿಸುವ ಖರ್ಚನ್ನು ಗಿರಾಕಿಗೆ ಬಿಡಬಹುದು, ಆದರೆ ಅದನ್ನು ಮೊದಲೇ ತಿಳಿಸಿರಬೇಕು. ಈ ಹಕ್ಕಿನ ಬಗ್ಗೆಯೇ ಹೇಳದಿದ್ದರೆ ಆ ಅವಧಿ ಇನ್ನೂ 12 ತಿಂಗಳು ಉದ್ದವಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಉಳಿತಾಯ ಅಂದುಕೊಂಡವರಿಗೆ ಅಲ್ಲಿ ದುಬಾರಿ.

ಪಾಲಿಸಿಯನ್ನು ಹೇಗೆ ಬರೆಯುವುದು?

ವಕೀಲರ ಭಾಷೆ ಬಿಡಿ. 'ಸೂಕ್ತ ಸ್ಥಿತಿಯಲ್ಲಿರಬೇಕು' ಅಂದರೆ ಯಾರಿಗೆ ಏನು ಅರ್ಥವಾಗುತ್ತದೆ? ಕಣ್ಣಿಗೆ ಕಾಣುವ, ಅಳೆಯಲು ಬರುವ ಮಾತನ್ನೇ ಬರೆಯಿರಿ. ನಮ್ಮ ಉದಾಹರಣೆಯ ಅಂಗಡಿಗೆ ಇಷ್ಟು ಸಾಕು:

> ಪಾರ್ಸಲ್ ತಲುಪಿದ ದಿನದಿಂದ 30 ದಿನದೊಳಗೆ ತಿಳಿಸಿ. ಟ್ಯಾಗ್ ಇರಬೇಕು, ಒಗೆದಿರಬಾರದು, ಕಲೆ ಇರಬಾರದು. ಹಾಕಿ ನೋಡಿದರೆ ತೊಂದರೆ ಇಲ್ಲ.
> ಬೇರೆ ಸೈಜ್ ಬೇಕಿದ್ದರೆ ಒಂದು ಸಲ ಉಚಿತವಾಗಿ ಬದಲಿಸಿ ಕೊಡುತ್ತೇವೆ.
> ದುಡ್ಡು ವಾಪಸ್ ಬೇಕಿದ್ದರೆ ಕೊರಿಯರ್ ಖರ್ಚು 90 ಕಳೆದು ಕೊಡುತ್ತೇವೆ. ಕ್ರೆಡಿಟ್ ಆದರೆ ಪೂರ್ತಿ.
> ಹರಿದಿದ್ದರೆ, ತಪ್ಪು ಮಾಲು ಬಂದಿದ್ದರೆ, ಫೋಟೋದಂತೆ ಇಲ್ಲದಿದ್ದರೆ ಎಲ್ಲ ಖರ್ಚೂ ನಮ್ಮದು.
> ಮಾಲು ನಮಗೆ ತಲುಪಿದ 3 ದಿನದೊಳಗೆ ದುಡ್ಡು ಕಳಿಸುತ್ತೇವೆ.
> ಒಳ ಉಡುಪು, ಅಳತೆ ಕೊಟ್ಟು ಹೊಲಿಸಿದ್ದು ದೋಷವಿದ್ದರೆ ಮಾತ್ರ ವಾಪಸ್.

ಇದನ್ನು ಪುಟದ ತಳದಲ್ಲಿ ಚಿಕ್ಕ ಲಿಂಕಾಗಿ ಹೂತಿಡಬೇಡಿ. '30 ದಿನ, ಸೈಜ್ ಬದಲಾವಣೆ ಉಚಿತ, ರೀಫಂಡಿಗೆ 90' ಅನ್ನುವ ಒಂದು ಸಾಲು ಬೆಲೆಯ ಪಕ್ಕದಲ್ಲೇ ಇರಲಿ. ವಾಪಸ್ ತಗೊಳ್ಳದ ಮಾಲಿನ ಮೇಲೆ ಆ ಮಾತು ದುಡ್ಡು ಕಟ್ಟುವ ಮೊದಲು ಇನ್ನೊಂದು ಸಲ ಕಾಣಬೇಕು. ಜಗಳ ಹುಟ್ಟುವುದು ಕಠಿಣ ನಿಯಮದಿಂದಲ್ಲ, ಆಮೇಲೆ ಗೊತ್ತಾದ ನಿಯಮದಿಂದ.

ಹಳೇ ಪಾಲಿಸಿಯಿಂದ ಹೊಸದಕ್ಕೆ ಹೋದ ಮೇಲೆ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಬದಲಾದ ದಿನದ ನಂತರದ ಆರ್ಡರ್‌ಗಳಿಗೆ ಮಾತ್ರ ಹೊಸದು, ಮೊದಲು ಕೊಂಡವರಿಗೆ ಹಳೆಯದೇ. ಒಟ್ಟಿಗೆ ನಾಲ್ಕು ವಿಷಯ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲು ಅಳತೆ ಸರಿಮಾಡಿ, ಆಮೇಲೆ ಉಚಿತ ಎಕ್ಸ್‌ಚೇಂಜ್, ಅದೂ ಸಾಲದಿದ್ದರೆ ಶುಲ್ಕ.

ಅಳೆಯುವಾಗ ಒಂದು ಬಲೆ ಇದೆ. ಈ ತಿಂಗಳು ಬಂದ ರಿಟರ್ನನ್ನು ಈ ತಿಂಗಳ ಮಾರಾಟದಿಂದ ಭಾಗಿಸಿದರೆ ಸುಳ್ಳು ಅಂಕಿ ಬರುತ್ತದೆ, ಯಾಕೆಂದರೆ ಇವತ್ತು ಬಂದ ರಿಟರ್ನ್ ಹೋದ ತಿಂಗಳ ಆರ್ಡರಿನದ್ದು. ಮಾರಾಟ ಏರುತ್ತಿರುವ ಅಂಗಡಿಗೆ ರಿಟರ್ನ್ ಕಡಿಮೆ ಇದ್ದಂತೆ ಕಾಣುತ್ತದೆ, ಇಳಿಯುತ್ತಿರುವ ಅಂಗಡಿಗೆ ಜಾಸ್ತಿ. ಒಂದು ತಿಂಗಳ ಆರ್ಡರ್‌ಗಳನ್ನು ಒಂದು ಗುಂಪಾಗಿ ಇಟ್ಟು, 30 ದಿನದ ಅವಧಿ ಮುಗಿದು, ಕೊರಿಯರ್ ದಾರಿಯಲ್ಲಿರುವುದೂ ಬಂದು ಸೇರಿದ ಮೇಲೆ, ಆ ಗುಂಪಿನಲ್ಲಿ ಎಷ್ಟು ವಾಪಸ್ ಬಂತು ಅಂತ ಎಣಿಸಿ. ಹಾಗಾಗಿ ಒಂದು ಬದಲಾವಣೆಯ ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅದರ ಪಕ್ಕದಲ್ಲೇ ಪುಟ ನೋಡಿದ ನೂರು ಜನರಲ್ಲಿ ಕೊಂಡವರೆಷ್ಟು ಅನ್ನುವ ಅಂಕಿಯನ್ನೂ ಬರೆದಿಡಿ. ಶುಲ್ಕ ನೋಡಿ ಹೋದ ಆ ಐವರು ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ.